ದೀಪಾವಳಿಯೊಳಗೆ ಬದಲಾಯಿಸತಕ್ಕದ್ದು

ಬೆಂಗಳೂರಿನ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಹೊರಬಿದ್ದು, ಸೀರೆ ಅಂಗಡಿಗಳವರು ಕೂಗಿ ಕರೆಯುವುದನ್ನು ತಪ್ಪಿಸಿಕೊಂಡು ಎರಡು ತಿರುವು ದಾಟಿದರೆ ಒಂದು ಗಲ್ಲಿ ಸಿಗುತ್ತದೆ. ಎದುರಿಂದ ಮೂಟೆ ಹೊತ್ತ ಕೈಗಾಡಿ ಬಂದರೆ ಸ್ಕೂಟರಿನವರು ಗೋಡೆಗೆ ಒರಗಿ ದಾರಿ ಬಿಡಬೇಕು. ಅಗ್ನಿಶಾಮಕದ ದೊಡ್ಡ ವಾಹನ ಇದರೊಳಗೆ ಬರುವ ಮಾತೇ ಇಲ್ಲ. ಗಲ್ಲಿಯ ನಡುವಿನ ಹಳೇ ಕಟ್ಟಡದಲ್ಲಿ ಕೆಳಗೆ ಬಟ್ಟೆ ಅಂಗಡಿಗಳು, ಮೊದಲ ಮಹಡಿಯಲ್ಲಿ ಎಂಬ್ರಾಯ್ಡರಿ ಮತ್ತು ಫಾಲ್ ಹೊಲಿಯುವವರು, ಅದರ ಮೇಲೆ ಗೋಡೌನು. ಮೇಲಕ್ಕೆ ಹೋಗಲು ಇರುವುದು ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೇ ಮೀಟರ್ ಬೋರ್ಡು, ಬೋರ್ಡಿನ ಪಕ್ಕದ ಗೋಡೆಗೆ ಯಜಮಾನರ ನೋಟಿಸು.

ನೋಟಿಸಿನಲ್ಲಿರುವುದು ನಾಲ್ಕೇ ಸಾಲು. ‘ಎಲ್ಲ ಬಾಡಿಗೆದಾರರ ಗಮನಕ್ಕೆ. ತಮ್ಮ ತಮ್ಮ ಅಂಗಡಿಯ ಹಳೇ ವೈರಿಂಗನ್ನು ಲೈಸೆನ್ಸ್ ಇರುವವರಿಂದ ಬದಲಾಯಿಸತಕ್ಕದ್ದು. ಬೆಂಕಿ ಆರಿಸುವ ಸಿಲಿಂಡರುಗಳನ್ನು ಸರ್ವಿಸ್ ಮಾಡಿಸಿ ಇಡತಕ್ಕದ್ದು. ದೀಪಾವಳಿಯೊಳಗೆ ಆಗಬೇಕು.’ ಕೆಳಗೆ ಸಹಿ. ಅದರ ಪಕ್ಕ ಯಾರೋ ಪೆನ್ನಿನಲ್ಲಿ ‘ಖರ್ಚು ಯಾರದು?’ ಎಂದು ಬರೆದಿದ್ದಾರೆ. ನ್ಯಾಯವಾದ ಪ್ರಶ್ನೆಯೇ.

ನೋಟಿಸಿಗೆ ಕಾರಣ ಬೋರ್ಡಿನ ಮೇಲೇ ಕಾಣುತ್ತದೆ. ಸಾಲಾಗಿ ಕೂತ ಮೀಟರುಗಳಲ್ಲಿ ಒಂದರ ಕೆಳಭಾಗ ಕಂದಾಗಿ, ಅಂಚು ಕರಗಿ ಸೊಟ್ಟಗಾಗಿದೆ. ಹಿಂದಿನ ಹಲಗೆಯ ಮೇಲೆ ಅಂಗೈಯಗಲದ ಕಪ್ಪು ಕಲೆ. ಬೆಂಕಿ ಹತ್ತಲಿಲ್ಲ, ಹೊಗೆ ಬಂತು, ಯಾರೋ ನೋಡಿದರು, ಮೇನ್ ಇಳಿಸಿದರು. ನಾನು ಹೋದ ದಿನ ಯಜಮಾನರು ಒಬ್ಬ ಲೈಸೆನ್ಸ್ಡ್ ಎಲೆಕ್ಟ್ರಿಷಿಯನ್ನರನ್ನು ಕರೆದುಕೊಂಡು ಅಂಗಡಿ ಅಂಗಡಿಗೂ ಹೋಗುವವರಿದ್ದರು. ಅವರ ಹಿಂದೆ ನಾನೂ ಹೊರಟೆ.

ಎಲೆಕ್ಟ್ರಿಷಿಯನ್ ಮೊದಲು ನಿಂತದ್ದು ಆ ಸುಟ್ಟ ಮೀಟರಿನ ಮುಂದೆ. ಬೆಸ್ಕಾಂನವರು ಬಂದು ಆ ಸಂಪರ್ಕ ತಪ್ಪಿಸಿ ಹೋಗಿದ್ದರು. ಹೊರಬಂದು ನೇತಾಡುತ್ತಿದ್ದ ತಂತಿಯ ತುದಿಯನ್ನು ಬೆರಳಲ್ಲಿ ಹಿಡಿದು ತೋರಿಸಿದರು. ಬೂದು ಬಣ್ಣದ ಅಲ್ಯೂಮಿನಿಯಂ ತಂತಿ. ಸ್ಕ್ರೂ ಕಚ್ಚಿದ್ದ ಜಾಗ ಚಪ್ಪಟೆಯಾಗಿ, ಮೇಲೆ ಬಿಳಿ ಪುಡಿಯಂಥದ್ದು ಕೂತಿದೆ. ‘ಶಾರ್ಟ್ ಸರ್ಕಿಟ್ ಅಂತ ಎಲ್ಲರೂ ಹೇಳ್ತಾರೆ ಸಾರ್. ಇದು ಶಾರ್ಟ್ ಅಲ್ಲ, ಲೂಸ್ ಕನೆಕ್ಷನ್’ ಅಂದರು.

ತಾಮ್ರ ಕೈಗೆಟುಕದ ಕಾಲದಲ್ಲಿ ಕಟ್ಟಿದ ಅಂಗಡಿ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಎಳೆದದ್ದು ಮಾಮೂಲು. ತಂತಿ ತಾನಾಗಿ ಕೆಟ್ಟದ್ದಲ್ಲ, ತೊಂದರೆಯೆಲ್ಲ ಅದರ ತುದಿಯಲ್ಲಿ. ಅದು ಮೆದು ಲೋಹ, ಸ್ಕ್ರೂ ಎಷ್ಟು ಬಿಗಿ ಮಾಡಿದರೂ ವರ್ಷಗಳು ಹೋದಂತೆ ಒತ್ತಡಕ್ಕೆ ನಿಧಾನವಾಗಿ ಜಾರಿ ತೆಳುವಾಗುತ್ತದೆ. ಕಾದಾಗ ಹಿತ್ತಾಳೆಯ ಟರ್ಮಿನಲ್ಲಿಗಿಂತ ಹೆಚ್ಚು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಹೀಗೆ ದಿನಾ ಹಿಗ್ಗಿ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಗಾಳಿ ತಾಗಿದ ಮೈಮೇಲೆ ಕಟ್ಟುವ ಆಕ್ಸೈಡ್ ಪದರ ವಿದ್ಯುತ್ತನ್ನು ಹಾಯಿಸುವುದಿಲ್ಲ. ಅದಕ್ಕೆ ನೇರವಾಗಿ ತಾಮ್ರದ ತಂತಿ ಸುತ್ತಿ ಟೇಪ್ ಹಾಕಿದರೆ, ತೇವ ಸೇರಿದಾಗ ಎರಡು ಲೋಹದ ನಡುವೆ ತುಕ್ಕು ಇನ್ನೂ ಬೇಗ ಏಳುತ್ತದೆ.

ಸಡಿಲವಾದರೆ ಏನಾಗುತ್ತದೆ ಅನ್ನುವುದಕ್ಕೆ ಅವರು ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ಆ ಜಾಯಿಂಟಿನಲ್ಲಿ ಅರ್ಧ ಓಮ್ ತಡೆ ಹುಟ್ಟಿದೆ ಅನ್ನಿ. ಅದರ ಮೂಲಕ 10 ಆಂಪಿಯರ್ ಹರಿಯುತ್ತಿದೆ. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ತಡೆಯಿಂದ ಮತ್ತೆ ಗುಣಿಸಿದರೆ ಅಲ್ಲಿ ಹುಟ್ಟುವ ಶಾಖ: 10 ಗುಣಿಲೆ 10 ಗುಣಿಲೆ ಅರ್ಧ, ಅಂದರೆ 50 ವ್ಯಾಟ್. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ ಹೆಚ್ಚುಕಡಿಮೆ ಅಷ್ಟೇ ವ್ಯಾಟಿನದು. ಅಷ್ಟು ಶಾಖ ಅವರೆಕಾಳಿನಷ್ಟು ಜಾಗದಲ್ಲಿ, ಅಂಗಡಿ ತೆರೆದಿರುವಷ್ಟು ಹೊತ್ತೂ.

ಇದನ್ನು ಎಂಸಿಬಿ ತಡೆಯುವುದಿಲ್ಲವೇ ಅಂತ ನಾನು ಕೇಳಿದೆ. ತಡೆಯುವುದಿಲ್ಲ. ಹರಿಯುತ್ತಿರುವುದು 10 ಆಂಪಿಯರೇ. 16ರ ಎಂಸಿಬಿಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಕರೆಂಟು ನೆಲಕ್ಕೆ ಸೋರುತ್ತಿಲ್ಲವಾದ್ದರಿಂದ ಶಾಕ್ ತಪ್ಪಿಸುವ ಆರ್‌ಸಿಸಿಬಿಗೂ ಇದರ ಸುಳಿವು ಸಿಗದು. ಸುಳಿವು ಸಿಗಬೇಕಾದದ್ದು ಮನುಷ್ಯರಿಗೆ. ಎಸಿ ಶುರುವಾದಾಗ ದೀಪ ಮಂಕಾಗಿ ಮಿನುಗುವುದು, ಸ್ವಿಚ್ ಪ್ಲೇಟಿನ ಒಂದು ಮೂಲೆ ಟೀ ಬಣ್ಣಕ್ಕೆ ತಿರುಗುವುದು, ಪ್ಲಗ್ ಕಿತ್ತಾಗ ಅದರ ಪಿನ್ನು ಬಿಸಿ ಇರುವುದು, ಹತ್ತಿರ ಹೋದರೆ ಸಣ್ಣಗೆ ಚರಚರ ಸದ್ದು, ಮಧ್ಯಾಹ್ನದ ಹೊತ್ತಿಗೆ ಹಳಸಿದ ಮೀನಿನಂಥ ವಾಸನೆ. ಸುಟ್ಟ ಮೀಟರಿನ ಅಂಗಡಿಯವರನ್ನು ಕೇಳಿದರೆ ಆ ವಾಸನೆ ಬಹಳ ದಿನದಿಂದ ಇತ್ತಂತೆ. ಮೆಟ್ಟಿಲ ಕೆಳಗೆ ಇಲಿ ಸತ್ತಿರಬೇಕು ಅಂತ ಫಿನಾಯಿಲ್ ಹಾಕಿಸಿದ್ದರು.

ಅಲ್ಲಿಂದ ನಾವು ಹೋದದ್ದು ರೆಡಿಮೇಡ್ ಬಟ್ಟೆಯ ಒಂದು ಅಂಗಡಿಗೆ. ಸೇಟು ಮೊದಲೇ ತಯಾರಾಗಿದ್ದರು. ‘ಯಜಮಾನ್ರೇ, ನಮ್ಮದೆಲ್ಲ ಹೊಸಾದು. ಎಂಸಿಬಿ ಹೋದ ವರ್ಷ ಹಾಕಿಸಿದ್ದು, ನೋಡಿ’ ಎಂದು ಬಾಗಿಲ ಮೇಲಿನ ಡಬ್ಬ ತೆರೆದರು. ಎಂಸಿಬಿ ನಿಜಕ್ಕೂ ಹೊಸದು, ಮೇಲೆ ‘ಸಿ 32’ ಎಂದು ಅಚ್ಚಾಗಿತ್ತು. ಮುಂಚೆ ಯಾವುದಿತ್ತು ಅಂತ ಎಲೆಕ್ಟ್ರಿಷಿಯನ್ ಕೇಳಿದರು. 16ರದ್ದು. ಅದು ಪದೇ ಪದೇ ಬೀಳುತ್ತಿತ್ತು, ಗಿರಾಕಿ ಎದುರಿಗೆ ಕತ್ತಲೆಯಾಗುತ್ತಿತ್ತು, ಅದಕ್ಕೇ ದೊಡ್ಡದು ಹಾಕಿಸಿದೆ, ಆಮೇಲೆ ತೊಂದರೆಯೇ ಇಲ್ಲ ಎಂದರು ಸೇಟು.

ಈ ಒಂದು ಮಾತು ಪೇಟೆಯ ಅರ್ಧ ಅಂಗಡಿಗಳ ಕಥೆ ಅಂತ ನನಗೆ ಅನ್ನಿಸಿತು. ಅಂಗಡಿಯೊಳಗೆ ಗೋಡೆಗುಂಟ ಓಡುತ್ತಿದ್ದದ್ದು ಹಳೇ ತಂತಿಯೇ, ಒಂದೂವರೆ ಚದರ ಮಿಲಿಮೀಟರಿನ ಅಲ್ಯೂಮಿನಿಯಂ. ಟ್ಯೂಬ್‌ಲೈಟು, ಫ್ಯಾನು, ಒಂದು ರೇಡಿಯೊ ಅಂತ ಯಾವುದೋ ಕಾಲದಲ್ಲಿ ಎಳೆದ ಒಂದೇ ಲೈನು. ಈಗ ಅದೇ ಲೈನಿನ ಮೇಲೆ ಏನೇನಿದೆ ಅಂತ ಕೂತು ಕೂಡಿಸಿದೆವು. ಒಂದೂವರೆ ಟನ್ನಿನ ಎಸಿ, ಸುಮಾರು 1,700 ವ್ಯಾಟ್. ಬಟ್ಟೆಗೆ ಹಬೆ ಹೊಡೆಯುವ ಸ್ಟೀಮ್ ಐರನ್ 1,500. ಟೀ ಕಾಯಿಸುವ ಕೆಟಲ್ 1,500. ಛಾವಣಿಯಲ್ಲಿ 12 ವ್ಯಾಟಿನ ಎಲ್‌ಇಡಿ ಇಪ್ಪತ್ತೈದು, ಅದು 300. ಬಿಲ್ಲಿಂಗ್ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾ, ಫ್ಯಾನು ಎಲ್ಲ ಸೇರಿ ಇನ್ನೊಂದು 300. ಒಟ್ಟು 5,300 ವ್ಯಾಟ್. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ 23 ಆಂಪಿಯರ್.

ಆ ತಂತಿಗೆ ಎಲೆಕ್ಟ್ರಿಷಿಯನ್ ಕೊಡುವ ಮಿತಿ 10 ಆಂಪಿಯರ್. ಹರಿಯುವುದು ಅದರ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಶಾಖ ಮಾತ್ರ ಅಷ್ಟೇ ಪಟ್ಟು ಏರುವುದಿಲ್ಲ, ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿದರೆ ಐದು ಪಟ್ಟು ಮೀರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಾಳಿಕೊಳ್ಳುವುದು ತಂತಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ. ಅದಕ್ಕಿಂತ ಮೇಲೆ ಹೊದಿಕೆ ಒಂದೇ ದಿನಕ್ಕೆ ಕರಗಿ ಬೀಳುವುದೂ ಇಲ್ಲ. ಗಡುಸಾಗುತ್ತಾ, ಬಿರುಕು ಬಿಡುತ್ತಾ ಹೋಗುತ್ತದೆ. ಸೇಟು ಹೇಳುವಂತೆ ಎಸಿ, ಐರನ್, ಕೆಟಲ್ ಮೂರೂ ಒಟ್ಟಿಗೆ ನಡೆಯುವುದು ದಿನಕ್ಕೆ ಹತ್ತೇ ನಿಮಿಷ. ಅದು ನಿಜವಿರಬಹುದು. ಇಷ್ಟು ವರ್ಷ ಏನೂ ಆಗದಿದ್ದದ್ದೂ ಅದಕ್ಕೇ. ಮುಂಚೆ ಆ ಹತ್ತು ನಿಮಿಷದಲ್ಲಿ 16ರ ಎಂಸಿಬಿ ಬಿದ್ದು ತಂತಿಯನ್ನು ಅಷ್ಟಿಷ್ಟು ಕಾಯುತ್ತಿತ್ತು. ಈಗ 32ರದ್ದಕ್ಕೆ 23 ಆಂಪಿಯರ್ ಲೆಕ್ಕಕ್ಕೇ ಇಲ್ಲ.

ಎಂಸಿಬಿ ಇರುವುದು ಎಸಿಯನ್ನೋ ಕಂಪ್ಯೂಟರನ್ನೋ ಕಾಯಲಿಕ್ಕಲ್ಲ, ಗೋಡೆಯೊಳಗಿನ ತಂತಿಯನ್ನು ಕಾಯಲಿಕ್ಕೆ. ಹಾಗಾಗಿ ನೋಟಿಸಿನಲ್ಲಿ ‘ಹಳೇ ವೈರಿಂಗ್ ಬದಲಾಯಿಸಿ’ ಅಂದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ ಅಂತ ಎಲೆಕ್ಟ್ರಿಷಿಯನ್ ಯಜಮಾನರಿಗೆ ಅಲ್ಲೇ ಹೇಳಿದರು. ಹಳೇ ತಂತಿ ಇದ್ದ ಜಾಗಕ್ಕೆ ಅದೇ ಅಳತೆಯ ಹೊಸ ತಂತಿ ಎಳೆದು, ಅದೇ 32 ಉಳಿಸಿದರೆ ನೋಟಿಸ್ ಪಾಲಿಸಿದಂತಾಯಿತು, ಅಪಾಯ ಹಾಗೇ ಉಳಿಯಿತು.

ಅವರು ಆ ಅಂಗಡಿಗೆ ಹೇಳಿದ ಏರ್ಪಾಡು ಹೀಗೆ. ಮೀಟರಿನಿಂದ ಅಂಗಡಿಯವರೆಗೆ 6 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೆ 32ರ ಮೇನ್. ಅಲ್ಲಿಂದ ಒಂದೇ ಲೈನಿನ ಬದಲು ಬೇರೆ ಬೇರೆ ಲೈನು. ಎಸಿಗೆ ಅದರದೇ 4ರ ತಂತಿ, 20ರ ಎಂಸಿಬಿ. ಐರನ್ನಿಗೊಂದು, ಕೆಟಲ್ಲಿಗೊಂದು 2.5ರ ತಂತಿ, 16ರ ಎಂಸಿಬಿ. ದೀಪಕ್ಕೆ 1.5 ಸಾಕು, ಎಂಸಿಬಿ 6ರದ್ದು. ಎಲ್ಲಕ್ಕೂ ಹಿಂದೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಪ್ರತಿ ಪಾಯಿಂಟಿಗೂ ಹಸಿರು ಅರ್ಥ್ ತಂತಿ. ಈ ಅಂಗಡಿಯಲ್ಲಿ ಮೂರು ಪಿನ್ನಿನ ಸಾಕೆಟ್ಟುಗಳಿದ್ದವು, ಮೂರನೇ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಜೊತೆಗೆ ಕರೆಂಟ್ ಬಿಲ್ ತೆಗೆಸಿ ನೋಡಿದರು. ಅದರಲ್ಲಿ ಮಂಜೂರಾದ ಲೋಡು 2 ಕಿಲೊವ್ಯಾಟ್ ಅಂತಿತ್ತು. ಬಳಸುತ್ತಿರುವುದು ಐದರ ಮೇಲೆ. ಒಳಗೆ ಎಷ್ಟು ದಪ್ಪ ತಂತಿ ಎಳೆದರೂ ಹೊರಗಿಂದ ಬರುವ ಸರ್ವಿಸ್ ತಂತಿ, ಮೀಟರು 2 ಕಿಲೊವ್ಯಾಟಿನ ಲೆಕ್ಕದ್ದೇ ಆದ್ದರಿಂದ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕದೆ ವಿಧಿಯಿಲ್ಲ. ಸೇಟು ಮುಖ ಸಣ್ಣಗಾದದ್ದು ವೈರಿನ ಖರ್ಚಿಗಲ್ಲ, ಇದಕ್ಕೆ.

ತಂತಿ ಆರಿಸುವಾಗ ಇನ್ನೊಂದು ಮಾತು ಬಂತು. ಡಬ್ಬದ ಮೇಲೆ ಎಫ್‌ಆರ್ ಎಂದಿದ್ದರೆ ಬೆಂಕಿ ತಂತಿಗುಂಟ ಓಡುವುದು ಕಡಿಮೆ, ಆದರೆ ಅದು ಸುಟ್ಟರೆ ಹೊಗೆ ಬಂದೇ ಬರುತ್ತದೆ. ಎಫ್‌ಆರ್‌ಎಲ್‌ಎಸ್ ಎಂದಿದ್ದರೆ ಹೊಗೆಯೂ ಕಡಿಮೆ. ಒಂದೇ ಮೆಟ್ಟಿಲಿನ ಕಟ್ಟಡಕ್ಕೆ ಎರಡನೆಯದನ್ನೇ ತನ್ನಿ ಎಂದು ಎಲೆಕ್ಟ್ರಿಷಿಯನ್ ಹಟ ಹಿಡಿದರು.

ಯಾಕೆ ಅಂತ ಮೆಟ್ಟಿಲೇರುವಾಗ ಕಂಡಿತು. ಮೇಲಿನ ಮಹಡಿಗಳಿಗೆ ಹೋಗುವ ತಂತಿಗಳೆಲ್ಲ ಮೆಟ್ಟಿಲ ಪಕ್ಕದ ಒಂದು ಸಂದಿಯಲ್ಲಿ ಏರುತ್ತವೆ. ಪ್ರತಿ ಮಹಡಿಯ ಸ್ಲ್ಯಾಬನ್ನು ತಲೆ ಹಾಕುವಷ್ಟು ಅಗಲಕ್ಕೆ ಒಡೆದು ತಂತಿ ಹಾಯಿಸಿ, ಉಳಿದ ಜಾಗವನ್ನು ಹಾಗೇ ಬಿಟ್ಟಿದ್ದಾರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹತ್ತಿದ್ದು ಇಂಥದ್ದೇ ವಿದ್ಯುತ್ ಕೊಳವೆಯಲ್ಲಿ. ಹೊಗೆ ಅದರ ಮೂಲಕ ಮೇಲಿನ ಮಹಡಿಗಳಿಗೆ ಏರಿತು, ಒಂಬತ್ತು ಜನ ಸತ್ತರು. ಇಲ್ಲಿಯ ಸಂದಿಯೊಳಗೆ ಟಾರ್ಚು ಬಿಟ್ಟು ನೋಡಿದರೆ ಮೂರು ಮಹಡಿಯೂ ಒಂದೇ ಚಿಮಣಿಯಂತೆ ಕಾಣುತ್ತಿತ್ತು, ತಳದಲ್ಲಿ ಖಾಲಿ ರಟ್ಟಿನ ಡಬ್ಬಗಳು ತುಂಬಿದ್ದವು. ತಂತಿ ಬದಲಾದ ಮೇಲೆ ಆ ತೂತುಗಳನ್ನು ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಬೇಕು. ಇದು ಬಾಡಿಗೆದಾರರ ಕೆಲಸವಲ್ಲ, ತನ್ನದೇ ಅಂತ ಯಜಮಾನರು ತಕರಾರಿಲ್ಲದೆ ಒಪ್ಪಿಕೊಂಡರು. ಡಬ್ಬಗಳನ್ನು ಮಾತ್ರ ಯಾರೂ ತಮ್ಮದು ಅನ್ನಲಿಲ್ಲ.

ಮೊದಲ ಮಹಡಿಯಲ್ಲಿ ಸಿಲಿಂಡರಿನ ವಿಚಾರ ಶುರುವಾಯಿತು. ಫಾಲ್ ಹೊಲಿಸುವ ಅಂಗಡಿ ನಡೆಸುವಾಕೆ ‘ಇದೆ ಅಣ್ಣ, ಸರ್ವಿಸೂ ಆಗಿದೆ’ ಎಂದು ಸೀರೆ ಗಂಟುಗಳನ್ನು ಒಂದೊಂದಾಗಿ ಎತ್ತಿಟ್ಟು, ಅವುಗಳ ಹಿಂದಿನಿಂದ ಕೆಂಪು ಸಿಲಿಂಡರನ್ನು ಎಳೆದರು. ಹೊರತೆಗೆಯಲು ಹಿಡಿದ ಹೊತ್ತಿನಲ್ಲೇ ಒಂದು ಸಿಲಿಂಡರು ಖಾಲಿಯಾಗುತ್ತದೆ. ಈ ಅಳತೆಯ ಸಿಲಿಂಡರು ಒಮ್ಮೆ ಒತ್ತಿದರೆ ಪುಡಿ ಚಿಮ್ಮುವುದು ಹದಿನೈದು ಸೆಕೆಂಡಿನ ಆಸುಪಾಸು ಮಾತ್ರ.

ಅದು ಎಬಿಸಿ ಪುಡಿಯ 4 ಕೆ.ಜಿ.ಯದು. ಮೈಮೇಲೆ ಹೊಸ ಸ್ಟಿಕರು, ಮುಂದಿನ ತಾರೀಖು. ಗೇಜಿನ ಮುಳ್ಳು ಹಸಿರಿನಲ್ಲಿತ್ತು. ನಾನಾಗಿದ್ದರೆ ಸರಿ ಇದೆ ಅಂತ ಮುಂದೆ ಹೋಗುತ್ತಿದ್ದೆ. ಎಲೆಕ್ಟ್ರಿಷಿಯನ್ ಅದನ್ನು ತಲೆಕೆಳಗು ಹಿಡಿದು ಕಿವಿ ಹತ್ತಿರ ತಂದರು. ಒಳಗಿನ ಪುಡಿ ಮರಳಿನಂತೆ ಸರಸರ ಇಳಿಯಬೇಕು. ಇದರಲ್ಲಿ ಮೊದಲು ಏನೂ ಕೇಳಲಿಲ್ಲ, ಆಮೇಲೆ ದಡ್ ಅಂತ ಒಂದೇ ಉಂಡೆ ಬಿದ್ದ ಸದ್ದು. ಪುಡಿ ವರ್ಷಗಟ್ಟಲೆ ಒಂದೇ ಕಡೆ ನಿಂತು ಗಟ್ಟಿಯಾಗಿದೆ. ಗೇಜು ತೋರಿಸುವುದು ಗಾಳಿಯ ಒತ್ತಡವನ್ನಷ್ಟೆ, ಪುಡಿಯ ಸ್ಥಿತಿಯನ್ನಲ್ಲ. ಇದನ್ನು ಒತ್ತಿದರೆ ಗಾಳಿ ಬಂದೀತು, ಪುಡಿ ಬರಲಾರದು. ಪಿನ್ನಿಗೆ ಕಟ್ಟಿದ ಪ್ಲಾಸ್ಟಿಕ್ ಸೀಲು ಹಳದಿಯಾಗಿತ್ತು. ಸರ್ವಿಸ್ ಮಾಡಿ ಪುಡಿ ಬದಲಿಸಿದ್ದರೆ ಸೀಲು ಒಡೆಯಲೇಬೇಕಿತ್ತು. ಬದಲಾಗಿದ್ದದ್ದು ಸ್ಟಿಕರು ಒಂದೇ.

ಆಕೆಗೆ ಸಿಟ್ಟು ಬಂದದ್ದು ಸಹಜ. ದುಡ್ಡು ಕೊಟ್ಟು ರಸೀದಿ ತೆಗೆದಿಟ್ಟುಕೊಂಡಿದ್ದರು. ಇನ್ನು ಮುಂದೆ ಸರ್ವಿಸಿನವರು ಬಂದಾಗ ಸೀಲಿನ ಮೇಲೆ ಉಗುರು ಬಣ್ಣದ ಒಂದು ಚುಕ್ಕೆ ಇಟ್ಟು ಕಳಿಸಿ, ಮರಳಿ ಬಂದಾಗ ಅದೇ ಚುಕ್ಕೆ ಇದ್ದರೆ ತೆರೆದೇ ಇಲ್ಲ ಅಂತ ತಿಳಿಯಿರಿ ಎಂದು ಎಲೆಕ್ಟ್ರಿಷಿಯನ್ ಹೇಳಿಕೊಟ್ಟರು. ಸಿಲಿಂಡರಿನ ಮೈಮೇಲೆ ಒತ್ತಿರುವ ತಯಾರಿಕೆಯ ವರ್ಷ ನೋಡುವುದನ್ನೂ ತೋರಿಸಿದರು. ಭಾರತೀಯ ಮಾನಕದ ಪ್ರಕಾರ ಪುಡಿಯ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಹತ್ತು ವರ್ಷವಾದ ಮೇಲೆ ಅದನ್ನು ಗುಜರಿಗೇ ಹಾಕಬೇಕು. ಎಷ್ಟು ಸ್ಟಿಕರು ಅಂಟಿಸಿದರೂ ಆ ವಯಸ್ಸು ಮುಂದಕ್ಕೆ ಹೋಗುವುದಿಲ್ಲ.

ಎಂಬ್ರಾಯ್ಡರಿ ಮಷೀನಿನವರಲ್ಲಿ ಇದ್ದದ್ದು ಕಾರ್ಬನ್ ಡೈಆಕ್ಸೈಡಿನದು, ಕಪ್ಪು ಕಹಳೆಯಂಥ ಬಾಯಿಯದು. ಇದಕ್ಕೆ ಗೇಜೇ ಇರುವುದಿಲ್ಲ. ಹೊರಗಿನಿಂದ ನೋಡಿ ತುಂಬಿದೆಯೋ ಖಾಲಿಯೋ ಹೇಳಲಾಗದು, ತೂಗಬೇಕು. ಮೇಲಿನ ಗೋಡೌನಿನಲ್ಲಿ ಪಾರ್ಸೆಲ್ ತೂಗುವ ಕಾಟಾ ಇತ್ತು, ಅಲ್ಲಿಗೇ ಹೊತ್ತೊಯ್ದೆವು. ಸಿಲಿಂಡರಿನ ಕುತ್ತಿಗೆಯ ಹತ್ತಿರ ಖಾಲಿ ತೂಕ 13.2 ಕೆ.ಜಿ. ಅಂತ ಒತ್ತಿತ್ತು, ಒಳಗಿನ ಅನಿಲ 4.5. ಕೂಡಿದರೆ 17.7 ಇರಬೇಕು. ಕಾಟಾ 16.6 ತೋರಿಸಿತು. 1.1 ಕೆ.ಜಿ. ಸೋರಿಹೋಗಿದೆ. ಹತ್ತನೇ ಒಂದು ಭಾಗಕ್ಕಿಂತ, ಅಂದರೆ 450 ಗ್ರಾಮಿಗಿಂತ ಹೆಚ್ಚು ಕಡಿಮೆಯಾದರೆ ಮತ್ತೆ ತುಂಬಿಸಬೇಕು ಅನ್ನುವುದು ಲೆಕ್ಕ. ಹಮಾಲಿ ಹುಡುಗರಿಗೆ ಇದು ತಮಾಷೆ ಅನ್ನಿಸಿ, ಉಳಿದ ಅಂಗಡಿಗಳ ಸಿಲಿಂಡರುಗಳನ್ನೂ ತಾವೇ ತಂದು ಸಾಲಾಗಿ ಇಟ್ಟರು.

ಗೋಡೌನಿನವರಿಗೂ ಇಂಥದ್ದೇ ಒಂದು ಸಾಕೇ ಅಂದರೆ, ಸಾಲದು. ಕಾರ್ಬನ್ ಡೈಆಕ್ಸೈಡ್ ಮಷೀನಿಗೆ, ಪ್ಯಾನೆಲ್ಲಿಗೆ ಒಳ್ಳೆಯದು, ಪುಡಿ ಮೆತ್ತಿಕೊಳ್ಳುವುದಿಲ್ಲ, ಕರೆಂಟು ಹಾಯುವುದಿಲ್ಲ. ಬಟ್ಟೆ ಮೂಟೆಯ ಮೇಲಿನ ಉರಿಯನ್ನು ಅದು ಆ ಕ್ಷಣಕ್ಕೆ ಆರಿಸುತ್ತದೆ, ಮೂಟೆಯ ಹೊಟ್ಟೆಯೊಳಗಿನ ಕೆಂಡವನ್ನು ತಣ್ಣಗೆ ಮಾಡುವುದಿಲ್ಲ. ಅನಿಲ ಚದುರಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಬಟ್ಟೆ ಇರುವಲ್ಲಿ ಎಬಿಸಿ ಪುಡಿ ಬೇಕು, ಉರಿ ಅಡಗಿದ ಮೇಲೂ ಮೂಟೆ ಬಿಚ್ಚಿ ನೀರು ಹೊಡೆಯಬೇಕು. ಅದೂ ಮೇನ್ ಇಳಿಸಿದ ನಂತರವೇ. ಇಡುವ ಜಾಗ ಬಾಗಿಲ ಪಕ್ಕ, ಕೈಗೆ ಸಿಗುವ ಎತ್ತರದಲ್ಲಿ. ಬಾಗಿಲಿನಿಂದ ಸಿಲಿಂಡರು ಹಿಡಿದು ಒಳಕ್ಕೆ ಬಂದವನ ಬೆನ್ನಿಗೆ ಹೊರಹೋಗುವ ದಾರಿ ಉಳಿದಿರುತ್ತದೆ. ಒಂದು ಸಿಲಿಂಡರು ಮುಗಿಯುವಷ್ಟರಲ್ಲಿ ಆರದಿದ್ದರೆ ಎರಡನೆಯದನ್ನು ಹುಡುಕುತ್ತಾ ನಿಲ್ಲದೆ ಎಲ್ಲರನ್ನೂ ಇಳಿಸಿ 112ಕ್ಕೆ ಫೋನ್ ಮಾಡುವುದು.

ಮತ್ತೆ ಕೆಳಗೆ ಬಂದಾಗ ‘ಖರ್ಚು ಯಾರದು’ ಅನ್ನುವುದು ಇತ್ಯರ್ಥವಾಗಬೇಕಿತ್ತು. ಬಾಡಿಗೆ ಕರಾರಿನಲ್ಲಿ ಮೀಟರಿನ ಈಚೆಗಿನ ರಿಪೇರಿಯೆಲ್ಲ ಬಾಡಿಗೆದಾರರದ್ದು ಅಂತಿದೆ ಎಂದರು ಯಜಮಾನರು. ಗೋಡೆಯೊಳಗೆ ಹೂತ ತಂತಿ ನಾವು ಬಿಟ್ಟುಹೋದ ಮೇಲೂ ನಿಮ್ಮದೇ ಆಗಿ ಉಳಿಯುತ್ತದಲ್ಲ ಎಂದರು ಸೇಟು. ಹಳೇ ಬಾಡಿಗೆ, ಹಳೇ ಸ್ನೇಹ, ಜೋರು ಮಾತು ಎಲ್ಲ ನಡೆದು ಒಂದು ಹಂಚಿಕೆಗೆ ಬಂದರು. ಮೀಟರ್ ಬೋರ್ಡು, ಅಲ್ಲಿಂದ ಪ್ರತಿ ಅಂಗಡಿಯ ಬಾಗಿಲವರೆಗಿನ ಮೇನ್, ಅರ್ಥಿಂಗು, ಮೆಟ್ಟಿಲ ಬಳಿಯ ಸಿಲಿಂಡರುಗಳು ಯಜಮಾನರ ಪಾಲು. ಬಾಗಿಲಿಂದ ಒಳಗಿನ ಲೈನು, ಎಂಸಿಬಿ, ಒಳಗಿನ ಸಿಲಿಂಡರು, ಹೆಚ್ಚುವರಿ ಲೋಡಿನ ಡಿಪಾಸಿಟ್ಟು ಬಾಡಿಗೆದಾರರದ್ದು. ಅಂಗಡಿ ಮುಚ್ಚಿರುವ ಭಾನುವಾರಗಳಲ್ಲಿ ಒಂದೊಂದಾಗಿ ಕೆಲಸ.

ಮುಗಿದ ಮೇಲೆ ಪರೀಕ್ಷೆ ಎರಡು ಬೇಕು ಎಂದು ಎಲೆಕ್ಟ್ರಿಷಿಯನ್ ಬರೆಸಿದರು. ಮೊದಲನೆಯದು ಮೆಗ್ಗರ್. ಕಂಪ್ಯೂಟರು, ಎಲ್‌ಇಡಿ ಎಲ್ಲ ಕಿತ್ತಿಟ್ಟು 500 ವೋಲ್ಟ್ ಹಾಯಿಸಿ ನೋಡಿದಾಗ ಹೊದಿಕೆಯ ತಡೆ 1 ಮೆಗಾಓಮಿಗಿಂತ ಕೆಳಗಿರಬಾರದು. ಆದರೆ ಮೆಗ್ಗರಿಗೆ ಸಡಿಲ ಜಾಯಿಂಟು ಕಾಣುವುದಿಲ್ಲ, ಮೆಟ್ಟಿಲ ಕೆಳಗೆ ಸುಟ್ಟದ್ದು ಅದೇ. ಆದ್ದರಿಂದ ಎರಡನೆಯದಕ್ಕೆ ಎಸಿ, ಐರನ್, ಕೆಟಲ್ ಎಲ್ಲವನ್ನೂ ಅರ್ಧ ಗಂಟೆ ಒಟ್ಟಿಗೆ ಓಡಿಸಿ, ಜ್ವರ ನೋಡುವ ಗನ್ನಿನ ದೊಡ್ಡಣ್ಣನಂಥ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪ್ರತಿ ಟರ್ಮಿನಲ್ಲಿಗೂ ಹಿಡಿಯಬೇಕು. ಪಕ್ಕದ್ದಕ್ಕಿಂತ ಒಂದು ಸ್ಕ್ರೂ ಹೆಚ್ಚು ಬಿಸಿ ತೋರಿಸಿದರೆ ಅದನ್ನು ಬಿಚ್ಚಿ ಮತ್ತೆ ಕೂರಿಸಬೇಕು.

ಯಜಮಾನರು ಹಳೇ ನೋಟಿಸನ್ನು ಕಿತ್ತು ಹೊಸದು ಬರೆಸಿದರು. ಅದರಲ್ಲಿ ಈಗ ‘ಹಳೇ ವೈರಿಂಗ್’ ಅನ್ನುವ ಮಾತಿನ ಜೊತೆ, ಪ್ರತಿ ಅಂಗಡಿಯವರು ತಾವು ಬಳಸುವ ಸಾಮಾನಿನ ಪಟ್ಟಿಯನ್ನು ವ್ಯಾಟ್ ಸಮೇತ ಕೊಡಬೇಕು, ಕೇಳದೆ ಎಂಸಿಬಿ ಬದಲಿಸಕೂಡದು, ಸಿಲಿಂಡರನ್ನು ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ನೋಡಬೇಕು ಎಂಬ ಸಾಲುಗಳಿವೆ. ದೀಪಾವಳಿಯ ಗಡುವು ಬಾಗಿಲಿನ ಮೇಲೆ ಸೀರಿಯಲ್ ಲೈಟ್ ಹಾಕುವವರಿಗೂ ಅನ್ವಯವೇ ಅಂತ ಸೇಟು ಕೇಳಿದರು. ಅದೂ ಪಟ್ಟಿಯಲ್ಲಿ ಬರಲಿ ಎಂದರು ಯಜಮಾನರು.